ಹಸಿರು ಬೆಳಕಿನ ಹೊಗೆಯಲ್ಲಿ ಏನಿತ್ತು? ಬಾಣಬಿರುಸು ಪ್ರದರ್ಶನಕ್ಕೆ ಅನುಮತಿ ಕೊಡುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಸಾರ್ವಜನಿಕ ಬಾಣಬಿರುಸು ಪ್ರದರ್ಶನಕ್ಕೆ ಅನುಮತಿ ಕೊಡುವವರು ನೀವು. ಮರುದಿನ ಗಾಳಿಯ ಗುಣಮಟ್ಟದ ಅಂಕಿ ಪ್ರಕಟಿಸುವವರು ಇನ್ನೊಂದು ಇಲಾಖೆಯವರು. ಇಬ್ಬರೂ ಓದಲಿ, ಜನರೂ ಓದಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮುಂದೆ ‘ನೀವು’ ಎಂದಾಗಲೆಲ್ಲ ಇಬ್ಬರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಗಾಳಿಯ ದೂಳು ಹಿಡಿದ ಫಿಲ್ಟರ್‌ಗಳನ್ನು ತೂಗಿ, ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ.

ಬಾಣಬಿರುಸು ನಿಲ್ಲಿಸಿ ಎಂದು ಕೇಳಲು ಈ ಪತ್ರ ಅಲ್ಲ. ನನಗೂ ನೋಡಲು ಇಷ್ಟ. ನನ್ನ ತಕರಾರು ಇರುವುದು ಮರುದಿನ ಬರುವ ಆ ಒಂದೇ ಒಂದು ಅಂಕಿಯ ಮೇಲೆ. ‘ನಿನ್ನೆಯ ಪಿಎಂ 2.5 ಸರಾಸರಿ ಇಷ್ಟು’ ಎಂದು ಹೇಳಿ ಮುಗಿಸಿಬಿಡುತ್ತೀರಿ. ಪಿಎಂ 2.5 ಎಂದರೆ 2.5 ಮೈಕ್ರಾನಿಗಿಂತ ಸಣ್ಣ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುವ ಕಣಗಳು. ಆ ಅಂಕಿಯಲ್ಲಿ ರಾತ್ರಿಯ ಹೊಗೆ ಕಾಣುವುದೇ ಇಲ್ಲ. ಯಾಕೆ ಎಂದು ಹೇಳಬೇಕಾದರೆ ಬಣ್ಣದಿಂದಲೇ ಶುರು ಮಾಡಬೇಕು.

ಬಣ್ಣ ಬರುವುದು ಲೋಹದ ಲವಣಗಳಿಂದ ಎಂಬುದು ಶಾಲೆಯಲ್ಲಿ ಓದಿದ್ದೇ. ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ತಾಮ್ರ ನೀಲಿ, ಸೋಡಿಯಂ ಹಳದಿ, ಕ್ಯಾಲ್ಸಿಯಂ ಕಿತ್ತಳೆ. ಬೆಳ್ಳಿ ಕಿಡಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ ಅಥವಾ ಟೈಟೇನಿಯಂ ಪುಡಿ. ಚಿನ್ನದ ಬಣ್ಣದ ಕಿಡಿಗೆ ಕಬ್ಬಿಣ ಅಥವಾ ಇದ್ದಿಲು. ಪಟ್ಟಿ ಇಷ್ಟು ಸಾಕು. ಇದರಲ್ಲಿ ಹಸಿರನ್ನು ಮಾತ್ರ ಹಿಡಿದುಕೊಂಡು ಹೋಗೋಣ. ಹಸಿರಿನ ಕತೆ ಗೊತ್ತಾದರೆ ಉಳಿದವು ತಾವಾಗಿ ಗೊತ್ತಾಗುತ್ತವೆ.

ಆಕಾಶದಲ್ಲಿ ಒಡೆದು ಹರಡುವ ಒಂದೊಂದು ಬೆಳಕಿನ ಚುಕ್ಕಿಯೂ ಒಂದು ಗಟ್ಟಿ ಮದ್ದಿನ ಗುಳಿಗೆ. ಈ ಕೆಲಸದವರು ಅದನ್ನು ಸ್ಟಾರ್ ಎನ್ನುತ್ತಾರೆ. ಹಸಿರು ಸ್ಟಾರ್‌ನಲ್ಲಿ ಸಾಮಾನ್ಯವಾಗಿ ಇರುವುದು ಬೇರಿಯಂ ನೈಟ್ರೇಟ್. ಇದು ಎರಡು ಕೆಲಸ ಮಾಡುತ್ತದೆ. ಇದರ ನೈಟ್ರೇಟ್ ಭಾಗ ಉರಿಯಲು ಬೇಕಾದ ಆಕ್ಸಿಜನ್ ಕೊಡುತ್ತದೆ, ಬೇರಿಯಂ ಭಾಗ ಬಣ್ಣ ಕೊಡುತ್ತದೆ. ಆದರೆ ಬೇರಿಯಂ ಒಂದೇ ಇದ್ದರೆ ಒಳ್ಳೆಯ ಹಸಿರು ಬರುವುದಿಲ್ಲ. ಬರೀ ಆಕ್ಸಿಜನ್ ಜೊತೆ ಸೇರಿದ ಬೇರಿಯಂ ಆಕ್ಸೈಡ್ ಉರಿಯಲ್ಲಿ ಹೊಳೆಯುವುದು ಹಳದಿಗೆ ತಿರುಗಿದ ಪೇಲವ ಹಸಿರಿನಲ್ಲಿ. ಕಣ್ಣಿಗೆ ತಂಪೆನಿಸುವ ಶುದ್ಧ ಹಸಿರು ಕೊಡುವುದು ಬೇರಿಯಂ ಮೊನೊಕ್ಲೋರೈಡ್, ಅಂದರೆ ಒಂದು ಬೇರಿಯಂಗೆ ಒಂದೇ ಕ್ಲೋರಿನ್ ಅಂಟಿದ ಅಣು. ಇದನ್ನು ಡಬ್ಬಿಯಲ್ಲಿ ತುಂಬಿ ಇಡಲು ಆಗುವುದಿಲ್ಲ. ಉರಿಯ ಒಳಗೆ ಮಾತ್ರ ಹುಟ್ಟಿ, ಅಲ್ಲೇ ಹೊಳೆದು, ತಣ್ಣಗಾಗುತ್ತಿದ್ದಂತೆ ಇಲ್ಲವಾಗುತ್ತದೆ.

ಹಾಗಾಗಿ ಸ್ಟಾರ್ ಒಳಗೆ ಕ್ಲೋರಿನ್ ಕೊಡುವ ಏನಾದರೂ ಇರಲೇಬೇಕು. ಪಿವಿಸಿ ಪುಡಿ ಇದಕ್ಕೆ ಆಗುತ್ತದೆ. ಹೌದು, ಪೈಪ್ ಮಾಡುವ ಅದೇ ಪಿವಿಸಿ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ನೂರಕ್ಕೆ ಸುಮಾರು 57 ಭಾಗ, ಕ್ಲೋರಿನ್ನೇ. ಕ್ಲೋರಿನೇಟೆಡ್ ರಬ್ಬರ್ ಕೂಡ ಬಳಸುತ್ತಾರೆ. ಹಿಂದೆ ಹೆಕ್ಸಾಕ್ಲೋರೊಬೆಂಜೀನ್ ಎಂಬುದನ್ನೂ ಹಾಕುತ್ತಿದ್ದರು. ದೇಹದಲ್ಲೂ ಮಣ್ಣಲ್ಲೂ ಬಹುಕಾಲ ಉಳಿಯುವ ವಿಷ ಎಂದು ಸ್ಟಾಕ್‌ಹೋಮ್ ಒಪ್ಪಂದದಡಿ ಅದಕ್ಕೆ ನಿಷೇಧ ಬಿತ್ತು.

ಇದನ್ನು ನೆಲದ ಮೇಲೆ ನಿಂತೇ ನೋಡಬಹುದು. ಬೆಳಕನ್ನು ಬಣ್ಣಗಳಾಗಿ ಒಡೆಯುವ ಅಗ್ಗದ ಗ್ರೇಟಿಂಗ್ ಹಾಳೆ ಸಿಗುತ್ತದೆ. ಅದನ್ನು ಕಣ್ಣಿಗೆ ಹಿಡಿದು ಹಸಿರು ಸ್ಟಾರ್ ನೋಡಿ. ಬೆಳಕಿನ ಅಲೆಯುದ್ದ 507ರಿಂದ 532 ನ್ಯಾನೊಮೀಟರ್ ಇರುವ ಜಾಗದಲ್ಲಿ ಪಕ್ಕಪಕ್ಕ ನಿಂತ ಹಸಿರು ಪಟ್ಟಿಗಳು ಕಂಡರೆ ಅದು ಬೇರಿಯಂ ಕ್ಲೋರೈಡ್. ಹಸಿರಿನಿಂದ ಹಳದಿಯವರೆಗೆ ಮಂಜಿನ ಹಾಗೆ ಹರಡಿಕೊಂಡಿದ್ದರೆ ಆಕ್ಸೈಡ್ ಜಾಸ್ತಿ, ಕ್ಲೋರಿನ್ ಸಾಕಾಗಿಲ್ಲ. 589ರಲ್ಲಿ ಕಣ್ಣು ಕುಕ್ಕುವ ಹಳದಿ ಗೆರೆ ಕಂಡರೆ ಸೋಡಿಯಂ ನುಸುಳಿದೆ. ಸೋಡಿಯಂ ಎಷ್ಟು ಜೋರು ಎಂದರೆ, ಮದ್ದಿನಲ್ಲಿ ಚೂರು ಕಲಬೆರಕೆ ಇದ್ದರೂ ಬೇರೆ ಬಣ್ಣಗಳನ್ನೆಲ್ಲ ನುಂಗಿಬಿಡುತ್ತದೆ. ನೀಲಿ ಇನ್ನೂ ನಾಜೂಕು. ಉರಿ ತುಸು ಜಾಸ್ತಿ ಬಿಸಿಯಾದರೂ ತಾಮ್ರದ ಕ್ಲೋರೈಡ್ ಒಡೆದುಹೋಗಿ ಬಣ್ಣ ಬಿಳಚುತ್ತದೆ. ಪ್ರದರ್ಶನಗಳಲ್ಲಿ ಗಾಢ ನೀಲಿ ಅಪರೂಪ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಈಗ ಹೊಗೆಗೆ ಬರೋಣ. ಸ್ಟಾರ್ ಉರಿದು ಮುಗಿಯಲು ಕೆಲವೇ ಸೆಕೆಂಡು. ಬಣ್ಣ ಆರುತ್ತದೆ, ಬೇರಿಯಂ ಎಲ್ಲಿಗೂ ಹೋಗುವುದಿಲ್ಲ. ಅದು ಲೋಹ, ಉರಿದು ಇಲ್ಲವಾಗುವ ವಸ್ತುವಲ್ಲ. ಉರಿಯಲ್ಲಿ ಆವಿಯಾದದ್ದು ಹೊರಗಿನ ತಂಪು ಗಾಳಿ ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಮೊದಲು ಹತ್ತಾರು ನ್ಯಾನೊಮೀಟರ್ ಗಾತ್ರದ ಪುಟಾಣಿ ಕಣಗಳು, ಆಮೇಲೆ ಅವು ಒಂದಕ್ಕೊಂದು ಅಂಟಿ ಅರ್ಧ ಮೈಕ್ರಾನ್, ಒಂದು ಮೈಕ್ರಾನ್ ಗಾತ್ರದ ಗೊಂಚಲು. ಕ್ಲೋರಿನ್ ಸಿಕ್ಕ ಬೇರಿಯಂ ಕ್ಲೋರೈಡ್ ಆಗುತ್ತದೆ. ಸಿಗದಿದ್ದದ್ದು ಆಕ್ಸೈಡ್ ಆಗಿ, ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕಾರ್ಬೊನೇಟ್ ಕಡೆಗೆ ಹೋಗುತ್ತದೆ. ಪಕ್ಕದಲ್ಲಿ ಗಂಧಕ ಉರಿದಿದ್ದರೆ ಸ್ವಲ್ಪ ಸಲ್ಫೇಟ್ ಕೂಡ ಆಗುತ್ತದೆ.

ಈ ಗಾತ್ರದ ಕಣ ಬೇಗ ನೆಲಕ್ಕೆ ಬೀಳುವುದಿಲ್ಲ. ಅರ್ಧ ಮೈಕ್ರಾನಿನ ಕಣ, ಬೇರಿಯಂ ಲವಣದಷ್ಟು ಭಾರ ಇದ್ದರೂ, ನಿಂತ ಗಾಳಿಯಲ್ಲಿ ಗಂಟೆಗೆ ಒಂದು ಗೇಣೂ ಇಳಿಯುವುದಿಲ್ಲ. ಅದು ಎಲ್ಲಿಗೆ ಹೋಗಬೇಕು ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. ನೀವು ನೋಡುವ ದೊಡ್ಡ ಬೂದಿ, ಕಾಗದದ ಚೂರು ಬೇಗ ಬೀಳುತ್ತವೆ, ಬೆಳಿಗ್ಗೆ ಗುಡಿಸಿದರೆ ಆಯಿತು. ಶ್ವಾಸಕೋಶದ ಒಳತನಕ ಹೋಗುವ ಭಾಗ ಗುಡಿಸಲು ಸಿಗುವುದಿಲ್ಲ.

ಒಂದು ಲೆಕ್ಕ ಹಾಕೋಣ. ಒಂದು ಪ್ರದರ್ಶನದಲ್ಲಿ 1 ಕಿಲೊ ಹಸಿರು ಸ್ಟಾರ್ ಉರಿಯಿತು, ಅದರಲ್ಲಿ ಅರ್ಧ ಬೇರಿಯಂ ನೈಟ್ರೇಟ್ ಎಂದಿಟ್ಟುಕೊಳ್ಳಿ. ಬೇರಿಯಂ ನೈಟ್ರೇಟ್ ತೂಕದಲ್ಲಿ ನೂರಕ್ಕೆ 52.5 ಭಾಗ ಬೇರಿಯಂ. ಅಂದರೆ 500 ಗ್ರಾಂನಲ್ಲಿ ಸುಮಾರು 262 ಗ್ರಾಂ ಲೋಹ. ಇದೆಲ್ಲ ಸೂಕ್ಷ್ಮಕಣವಾಗಿ, ಒಂದು ಚದರ ಕಿಲೊಮೀಟರ್ ಅಗಲ, 200 ಮೀಟರ್ ಎತ್ತರದ ಗಾಳಿಯಲ್ಲಿ ಸಮನಾಗಿ ಬೆರೆತರೆ, ಘನ ಮೀಟರ್‌ಗೆ ಸುಮಾರು 1.3 ಮೈಕ್ರೊಗ್ರಾಂ ಬೇರಿಯಂ. ಕೇಳಲು ಚಿಕ್ಕ ಸಂಖ್ಯೆ. ಆದರೆ ಸಾಮಾನ್ಯ ದಿನಗಳಲ್ಲಿ ನಾವು ಗಾಳಿಯ ಬೇರಿಯಂ ಅನ್ನು ನ್ಯಾನೊಗ್ರಾಂ ಲೆಕ್ಕದಲ್ಲಿ ಬರೆಯುತ್ತೇವೆ. 1.3 ಮೈಕ್ರೊಗ್ರಾಂ ಎಂದರೆ 1300 ನ್ಯಾನೊಗ್ರಾಂ. ಅದೂ ಒಂದೇ ಕಿಲೊಗೆ. ದೊಡ್ಡ ಪ್ರದರ್ಶನದಲ್ಲಿ ಎಷ್ಟು ಕಿಲೊ ಹಾರುತ್ತದೆ ಎಂಬುದು ನಿಮ್ಮ ಕಡತದಲ್ಲಿ ಇರಬೇಕು, ಅಲ್ವಾ?

ಈ ಲೆಕ್ಕ ತೀರಾ ಒರಟು, ಒಪ್ಪುತ್ತೇನೆ. ಗಾಳಿ ಬೀಸುತ್ತಿದ್ದರೆ ಅಂಕಿ ಕೂಡಲೇ ಇಳಿಯುತ್ತದೆ. ಗಾಳಿ ನಿಂತು, ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚಗಿನ ಪದರ ಕೂತಿದ್ದರೆ 200 ಮೀಟರ್ ಬದಲು 50 ಮೀಟರ್‌ನಲ್ಲೇ ಹೊಗೆ ಸಿಕ್ಕಿಕೊಳ್ಳುತ್ತದೆ. ಆಗ ಅದೇ ಅಂಕಿ ನಾಲ್ಕು ಪಟ್ಟು.

ಇನ್ನು ಬಣ್ಣಕ್ಕೆ ಸಂಬಂಧವೇ ಇಲ್ಲದ ಹೊಗೆ. ಸ್ಟಾರ್‌ಗಳನ್ನು ತುಂಬಿದ ಉಂಡೆಗೆ ಶೆಲ್ ಎನ್ನುತ್ತಾರೆ. ಅದನ್ನು ಮೇಲಕ್ಕೆ ಹಾರಿಸುವುದು, ಮೇಲೆ ಒಡೆಸುವುದು ಹೆಚ್ಚಾಗಿ ಕರಿಮದ್ದಿನ ಕೆಲಸ. 75 ಭಾಗ ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್, 15 ಭಾಗ ಇದ್ದಿಲು, 10 ಭಾಗ ಗಂಧಕ. ನೂರಾರು ವರ್ಷದ ಹಳೇ ಮಿಶ್ರಣ. ಮದ್ದು ಉರಿದರೆ ಎಲ್ಲ ಅನಿಲವಾಗಿ ಹೋಗುತ್ತದೆ ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಘನವಾಗಿಯೇ ಉಳಿಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೈಡ್. ಬಿಳಿ ಹೊಗೆಯಾಗಿ ಕಾಣುವುದು ಇದೇ. ಇವು ತೇವ ಹೀರುತ್ತವೆ, ಆದ್ದರಿಂದ ಗಾಳಿಯಲ್ಲಿ ತೇವ ಇದ್ದ ರಾತ್ರಿ ಅಷ್ಟೇ ಮದ್ದಿಗೆ ಹೊಗೆ ಇನ್ನೂ ದಟ್ಟವಾಗಿ ಕಾಣುತ್ತದೆ. ಹಾರಿಸುವ ಜಾಗದ ಹತ್ತಿರ ಕೊಳೆತ ಮೊಟ್ಟೆ ವಾಸನೆ ಬರುವುದಕ್ಕೂ ಕಾರಣ ಇಲ್ಲೇ ಇದೆ. ಸಲ್ಫೈಡ್‌ಗೆ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ.

ಅನಿಲಗಳಲ್ಲಿ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಮತ್ತು ನೈಟ್ರೋಜನ್. ಇವು ತೊಂದರೆ ಮಾಡುವವಲ್ಲ. ತೊಂದರೆ ಮಾಡುವ ಭಾಗದಲ್ಲಿ ಗಂಧಕದಿಂದ ಸಲ್ಫರ್ ಡೈಆಕ್ಸೈಡ್, ನೈಟ್ರೇಟ್‌ನಿಂದ ನೈಟ್ರೋಜನ್ ಆಕ್ಸೈಡ್‌ಗಳು, ಅರೆಬರೆ ಉರಿದ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್, ಪಿವಿಸಿಯಿಂದ ಅಷ್ಟಿಷ್ಟು ಹೈಡ್ರೋಜನ್ ಕ್ಲೋರೈಡ್. 1 ಕಿಲೊ ಕರಿಮದ್ದಿನ 100 ಗ್ರಾಂ ಗಂಧಕವೆಲ್ಲ ಸಲ್ಫರ್ ಡೈಆಕ್ಸೈಡ್ ಆದರೆ 200 ಗ್ರಾಂ ಬರಬೇಕು. ಅಷ್ಟು ಬರುವುದಿಲ್ಲ, ಬಹಳಷ್ಟು ಗಂಧಕ ಪೊಟ್ಯಾಸಿಯಂ ಜೊತೆ ಘನದಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದರೆ ಅನಿಲ ಕಡಿಮೆಯಾದಷ್ಟೂ ಕಣ ಜಾಸ್ತಿ. ಅನಿಲಗಳ ಅಂಕಿ ಮಾತ್ರ ತೋರಿಸಿ ‘ಮಿತಿಯೊಳಗೇ ಇದೆ’ ಎಂದು ಹೇಳುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ನನ್ನ ತಕರಾರಿಗೆ ಬರುತ್ತೇನೆ. ಅಮೆರಿಕದ 315 ಮಾಪನ ಕೇಂದ್ರಗಳಲ್ಲಿ 1999ರಿಂದ 2013ರವರೆಗೆ ಅಲ್ಲಿನ ಸ್ವಾತಂತ್ರ್ಯ ದಿನವಾದ ಜುಲೈ 4ರಂದು ದಾಖಲಾದ ಅಂಕಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ರಾತ್ರಿ 9ರಿಂದ 10ರ ನಡುವೆ ಪಿಎಂ 2.5 ಸರಾಸರಿ ಘನ ಮೀಟರ್‌ಗೆ 21 ಮೈಕ್ರೊಗ್ರಾಂ ಏರಿತ್ತು. ಅದನ್ನೇ 24 ಗಂಟೆಗೆ ಹರಡಿದಾಗ ಏರಿಕೆ ಬರೀ 5. ಪ್ರದರ್ಶನದ ಪಕ್ಕದಲ್ಲೇ ಇದ್ದ ಒಂದು ಕೇಂದ್ರದಲ್ಲಿ ಗಂಟೆಯ ಅಂಕಿ ಸುಮಾರು 500ಕ್ಕೆ ಹೋಗಿತ್ತು. ಅಲ್ಲಿ 24 ಗಂಟೆಯ ಸರಾಸರಿ ಏರಿದ್ದು 48. ಜನ ಉಸಿರಾಡಿದ್ದು 500 ಇದ್ದ ಗಾಳಿಯನ್ನು. ದಿನದ ಸರಾಸರಿ ಮಾತ್ರ ನೋಡಿದವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಲೆಕ್ಕ ಸುಲಭ. 23 ಗಂಟೆ ಕಾಲ ಅಂಕಿ 20 ಇದ್ದು ಒಂದು ಗಂಟೆ ಮಾತ್ರ 500 ಆದರೆ ದಿನದ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 24 ಗಂಟೆಯ ಮಾರ್ಗದರ್ಶಿ ಮಟ್ಟ 15 ಎಂಬುದು ಬೇರೆ ಮಾತು. 40 ನೋಡಿದವರು ‘ಅಯ್ಯೋ, ಇಷ್ಟೇನಾ’ ಎಂದು ಮುಂದೆ ಹೋಗುತ್ತಾರೆ. ಇದಕ್ಕಿಂತ ದೊಡ್ಡ ಎಡವಟ್ಟೂ ಇದೆ. ಪ್ರದರ್ಶನ ರಾತ್ರಿ 11ಕ್ಕೆ ಶುರುವಾಗಿ ಹೊಗೆ ನಡುರಾತ್ರಿ ದಾಟಿ 2 ಗಂಟೆಯವರೆಗೆ ನಿಂತರೆ, ಆ ಒಂದೇ ಹೊಗೆ ಎರಡು ದಿನಗಳ ಸರಾಸರಿಗೆ ಹಂಚಿಹೋಗುತ್ತದೆ. ಎರಡೂ ದಿನ ಸಾಧಾರಣವಾಗಿ ಕಾಣುತ್ತವೆ.

ಹಾಗಾದರೆ ಏನು ಮಾಡಬೇಕು? ಗಂಟೆಯ ಅಂಕಿ ನಿಮ್ಮ ಯಂತ್ರದಲ್ಲಿ ಈಗಾಗಲೇ ಇದೆ. ಅದನ್ನು ಹಾಗೆಯೇ ಪ್ರಕಟಿಸಿ. ಇದಕ್ಕೆ ಹೊಸ ಸಾಮಾನು ಬೇಡ, ಖರ್ಚೂ ಇಲ್ಲ.

ಎರಡನೆಯದಕ್ಕೆ ಸ್ವಲ್ಪ ಕೆಲಸ ಇದೆ. ಪ್ರದರ್ಶನಕ್ಕೆ ಒಂದು ಗಂಟೆ ಮುಂಚೆ ಹೊಸ ಫಿಲ್ಟರ್ ಹಾಕಿ, ಹೊಗೆ ಇಳಿದ ಮೇಲೆ ತೆಗೆಯಿರಿ. ಹಿಂದಿನ ರಾತ್ರಿ ಅದೇ ಹೊತ್ತಿನಲ್ಲಿ ಇನ್ನೊಂದು ಫಿಲ್ಟರ್, ಹೋಲಿಕೆಗೆ. ಗಾಳಿ ಎಳೆಯದೆ ಸುಮ್ನೆ ಹಾಕಿ ತೆಗೆದ ಖಾಲಿ ಫಿಲ್ಟರ್ ಒಂದು. ನಿಮ್ಮ ಕೇಂದ್ರ ಹೊಗೆ ಹೋಗುವ ದಿಕ್ಕಿನಲ್ಲಿ ಇಲ್ಲದಿದ್ದರೆ, ಒಯ್ಯಬಹುದಾದ ಸ್ಯಾಂಪ್ಲರ್ ಒಂದನ್ನು ಆ ದಿಕ್ಕಿಗೆ ಇಡಿ. ಗಾಳಿ ಬರುವ ಕಡೆ ಇಟ್ಟ ಯಂತ್ರ ಚೆನ್ನಾಗಿ ಕೆಲಸ ಮಾಡಿದರೂ ಹೊಗೆ ಕಾಣುವುದಿಲ್ಲ.

ಆಮೇಲೆ ಬೇರಿಯಂ, ಸ್ಟ್ರಾನ್ಷಿಯಂ, ಪೊಟ್ಯಾಸಿಯಂ ಅಳೆಯಿರಿ. ಮೂರನ್ನೂ ಒಟ್ಟಿಗೆ ಯಾಕೆ ಎಂದರೆ, ಒಂದೊಂದಕ್ಕೂ ಬೇರೆ ಮೂಲ ಇದೆ. ಪೊಟ್ಯಾಸಿಯಂ ಸೌದೆ ಹೊಗೆಯಲ್ಲೂ ಇರುತ್ತದೆ. ಬೇರಿಯಂ ವಾಹನಗಳ ಬ್ರೇಕ್ ಪ್ಯಾಡ್ ಸವೆದಾಗಲೂ ಬರುತ್ತದೆ, ಅದರಲ್ಲಿ ಬೇರಿಯಂ ಸಲ್ಫೇಟ್ ತುಂಬಿರುತ್ತಾರೆ. ತಾಮ್ರಕ್ಕೂ ಇದೇ ಗತಿ. ಅದಕ್ಕೇ ಬರೀ ತಾಮ್ರ ಏರಿತು ಎಂದು ನೀಲಿ ಬಾಣದ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಆದರೆ ಹಿಂದಿನ ರಾತ್ರಿಯ ಫಿಲ್ಟರ್‌ಗಿಂತ ಪ್ರದರ್ಶನದ ಫಿಲ್ಟರ್‌ನಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಪೊಟ್ಯಾಸಿಯಂ ಮೂರೂ ಒಟ್ಟಿಗೆ ಏರಿದ್ದರೆ ಅದು ಬಾಣಬಿರುಸಿನದ್ದೇ.

ಇಲ್ಲೊಂದು ಗುಂಡಿ ಇದೆ, ನಿಮ್ಮ ಲ್ಯಾಬ್‌ನವರಿಗೆ ಮೊದಲೇ ಹೇಳಿಬಿಡಿ. ಎಕ್ಸ್-ರೇ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಬೇಗ ಫಲಿತಾಂಶ ಕೊಡುತ್ತದೆ, ಫಿಲ್ಟರ್ ಕೂಡ ಹಾಳಾಗುವುದಿಲ್ಲ. ಆದರೆ ಬೇರಿಯಂನ ಮುಖ್ಯ ಗೆರೆ 4.47 ಕಿಲೊ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಟೈಟೇನಿಯಂ ಗೆರೆ 4.51ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಬಾಣಬಿರುಸಿನಲ್ಲಿ ಬೆಳ್ಳಿ ಕಿಡಿಗೆ ಟೈಟೇನಿಯಂ ಕೂಡ ಹಾಕಿರುತ್ತಾರೆ, ನೆನಪಿದೆ ತಾನೆ? ಹಾಗಾಗಿ ಯಂತ್ರ ಒಂದನ್ನು ಇನ್ನೊಂದು ಎಂದು ಓದಬಹುದು. ಲೋಹದ ಪರಮಾಣುಗಳನ್ನು ತೂಕದಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಈ ಗೊಂದಲ ಇಲ್ಲ. ಅದಕ್ಕೆ ಫಿಲ್ಟರ್ ಅನ್ನು ಆಮ್ಲದಲ್ಲಿ ಕರಗಿಸಬೇಕು, ಮತ್ತು ಬೇರಿಯಂ ಸಲ್ಫೇಟ್ ನೈಟ್ರಿಕ್ ಆಮ್ಲದಲ್ಲಿ ಸರಿಯಾಗಿ ಕರಗುವುದಿಲ್ಲ. ತಳದಲ್ಲಿ ಬಿಳಿ ಪುಡಿ ಉಳಿದಿದ್ದರೆ ಬಂದ ಅಂಕಿ ಅಸಲಿಗಿಂತ ಕಮ್ಮಿ ಎಂದೇ ಅರ್ಥ.

ಈ ಕರಗುವ, ಕರಗದ ವಿಷಯವೇ ಆರೋಗ್ಯದ ಪ್ರಶ್ನೆಗೂ ಮುಖ್ಯ. ಬೇರಿಯಂ ಸಲ್ಫೇಟ್ ನೀರಲ್ಲಿ ಕರಗುವುದಿಲ್ಲ. ಹೊಟ್ಟೆಯ ಎಕ್ಸ್-ರೇ ತೆಗೆಯುವಾಗ ರೋಗಿಗೆ ಕುಡಿಸುವುದು ಅದನ್ನೇ, ಏನೂ ಆಗುವುದಿಲ್ಲ. ಬೇರಿಯಂ ಕಾರ್ಬೊನೇಟ್ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ, ಅದನ್ನು ಇಲಿ ಪಾಷಾಣವಾಗಿ ಬಳಸಿದ್ದಾರೆ. ಕ್ಲೋರೈಡ್ ಮತ್ತು ನೈಟ್ರೇಟ್ ನೀರಲ್ಲೇ ಕರಗುತ್ತವೆ. ಕರಗಿದ ಬೇರಿಯಂ ಜೀವಕೋಶದಲ್ಲಿ ಪೊಟ್ಯಾಸಿಯಂ ಹೊರಹೋಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಜಾಸ್ತಿ ಹೋದರೆ ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದು ಪ್ರದರ್ಶನ ನೋಡಿದವರಿಗೆ ಹೀಗಾಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಮೇಲಿನ 1.3 ಮೈಕ್ರೊಗ್ರಾಂ ಲೆಕ್ಕಕ್ಕೂ ಇಲಿ ಪಾಷಾಣದ ಪ್ರಮಾಣಕ್ಕೂ ಅಜಗಜಾಂತರ. ಅಸ್ತಮಾ ಇರುವವರಿಗೆ ಆ ಹೊತ್ತಿನ ಮೊದಲ ತೊಂದರೆ ಒಟ್ಟು ಕಣ ಮತ್ತು ಸಲ್ಫರ್ ಡೈಆಕ್ಸೈಡ್‌ನಿಂದ. ಆದರೆ ವರ್ಷಕ್ಕೆ ಹತ್ತಾರು ಪ್ರದರ್ಶನದಲ್ಲಿ ಹಾರಿಸುವ ಜಾಗದಲ್ಲೇ ನಿಲ್ಲುವ ಕೆಲಸಗಾರರ ಲೆಕ್ಕ ಬೇರೆ. ಅವರ ಬಗ್ಗೆ ‘ಒಟ್ಟು ಬೇರಿಯಂ ಇಷ್ಟು’ ಎಂದರೆ ಅರ್ಧ ಉತ್ತರ. ಫಿಲ್ಟರ್ ಅನ್ನು ಎರಡು ತುಂಡು ಮಾಡಿ. ಒಂದನ್ನು ಬರೀ ನೀರಲ್ಲಿ ನೆನೆಸಿ ಅಳೆಯಿರಿ, ಇನ್ನೊಂದನ್ನು ಪೂರ್ತಿ ಕರಗಿಸಿ ಅಳೆಯಿರಿ. ನೀರಿಗೆ ಬಂದದ್ದು ಎಷ್ಟು ಭಾಗ ಎಂಬುದನ್ನೂ ಬರೆಯಿರಿ.

ಮೂರನೆಯದು ಅನುಮತಿ ಪತ್ರದಲ್ಲೇ ಆಗಬೇಕಾದ್ದು. ಈಗ ಆಯೋಜಕರಿಂದ ಒಟ್ಟು ಎಷ್ಟು ಮದ್ದು ಎಂದು ಕೇಳುತ್ತೀರಿ. ಬೆಂಕಿ ಅನಾಹುತದ ದೃಷ್ಟಿಯಿಂದ ಅದು ಸರಿ. ಗಾಳಿಯ ದೃಷ್ಟಿಯಿಂದ ಸಾಲದು. ಹಸಿರು ಎಷ್ಟು ಕಿಲೊ, ಕೆಂಪು ಎಷ್ಟು, ಹಾರಿಸುವ ಮದ್ದು ಎಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿ. ತಯಾರಕರ ಗುಟ್ಟಿನ ಪಾಕ ಯಾರಿಗೂ ಬೇಡ, ತೂಕ ಗೊತ್ತಾದರೆ ಸಾಕು.

ಅದು ಕೈಯಲ್ಲಿದ್ದರೆ ಬದಲಾವಣೆ ಕೇಳುವುದಕ್ಕೂ ಬರುತ್ತದೆ. ಬೇರಿಯಂ ಇಲ್ಲದೆ ಬೋರಾನ್ ಕಾರ್ಬೈಡ್‌ನಿಂದ ಹಸಿರು ಬೆಳಕು ಬರಿಸುವ ಮಿಶ್ರಣಗಳ ಬಗ್ಗೆ ಪ್ರಕಟವಾದ ಕೆಲಸ ಇದೆ. ಬಣ್ಣ ಬೇರಿಯಂನಷ್ಟು ಗಾಢ ಅಲ್ಲ, ಆದರೆ ದೂರದಿಂದ ನೋಡುವವರಿಗೆ ಹಸಿರೇ. ಹಾರಿಸುವ ಕರಿಮದ್ದನ್ನೇ ತೆಗೆದು ಒತ್ತಿದ ಗಾಳಿಯಿಂದ ಶೆಲ್ ಹಾರಿಸುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2004ರಲ್ಲೇ ತಂದಿತು. ಇದರಿಂದ ನೆಲದ ಹತ್ತಿರದ ಹೊಗೆ ಇಳಿಯುತ್ತದೆ. ಮೇಲೆ ಒಡೆಯುವ ಮದ್ದು, ಬಣ್ಣದ ಸ್ಟಾರ್ ಹಾಗೇ ಇರುತ್ತವೆ. ಇದನ್ನು ‘ಹೊಗೆಯಿಲ್ಲದ ಬಾಣಬಿರುಸು’ ಎಂದು ಯಾರಾದರೂ ನಿಮಗೆ ಮಾರಲು ಬಂದರೆ ಸ್ಟಾರ್ ಒಳಗೆ ಏನಿದೆ ಎಂದು ಕೇಳಿ.

‘ವರ್ಷಕ್ಕೊಂದು ರಾತ್ರಿ ತಾನೆ’ ಎಂಬ ಉತ್ತರ ಬರುತ್ತದೆ ಎಂದು ಗೊತ್ತು. ವರ್ಷದ ಸರಾಸರಿಯಲ್ಲಿ ಅದು ನಿಜ, ಆ ಒಂದು ರಾತ್ರಿ ಎಲ್ಲೂ ಕಾಣುವುದಿಲ್ಲ. ಆದರೆ ಅಂದು ಮೈದಾನದಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತವರಿಗೆ ವರ್ಷದ ಸರಾಸರಿ ಹೇಳಿ ಏನು ಪ್ರಯೋಜನ? ಗಾಳಿ ಯಾವ ಕಡೆ ಬೀಸುತ್ತಿದೆ, ಯಾವ ಬದಿಯಲ್ಲಿ ನಿಂತರೆ ಹೊಗೆ ಕಮ್ಮಿ ಎಂದು ಮೈಕಿನಲ್ಲಿ ಹೇಳಿದರೆ ಅವರಿಗೆ ಉಪಯೋಗ ಆಗುತ್ತದೆ. ಗಾಳಿ ಪೂರಾ ನಿಂತಿದ್ದರೆ ಪ್ರದರ್ಶನವನ್ನು ಒಂದೆರಡು ಗಂಟೆ ಮುಂದೂಡುವ ಅಧಿಕಾರವನ್ನೂ ಸ್ಥಳದಲ್ಲಿರುವ ಅಧಿಕಾರಿಗೆ ಕೊಡಿ.

ಕೊನೆಗೆ ಒಂದು ಚಿಕ್ಕ ವಿಷಯ. ಹಾರಿಸುವವರ ಬಳಿ ಯಾವ ಶೆಲ್ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ, ಈಗೆಲ್ಲ ಕಂಪ್ಯೂಟರ್‌ನಿಂದಲೇ ಹಾರಿಸುವುದು ತಾನೆ. ಆ ಪಟ್ಟಿಯ ಒಂದು ಪ್ರತಿ ಗಾಳಿ ಅಳೆಯುವವರಿಗೂ ಸಿಗಲಿ. ಎರಡೂ ಕಡೆಯ ಗಡಿಯಾರ ಮೊದಲೇ ಒಂದು ಸಲ ಸರಿ ಹೊಂದಿಸಿಕೊಳ್ಳಿ. ಗಂಟೆಯ ಅಂಕಿ ಹೊರಬಂದಾಗ ಯಾವ ಏರಿಕೆ ಯಾವ ಸುತ್ತಿನದ್ದು ಎಂದು ಅದರಿಂದಲೇ ಗೊತ್ತಾಗಬೇಕು. ಹತ್ತು ನಿಮಿಷ ವ್ಯತ್ಯಾಸ ಇದ್ದರೂ ಮೇಲೆ ಹೇಳಿದ ಕೆಲಸವೆಲ್ಲ ಗೋಜಲಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಫಿಲ್ಟರ್ ತೂಗುವ ಒಬ್ಬ ಕೆಲಸಗಾರ